ತವರಿಗೆ ಬಂದ ಬಾಣಂತಿ, ಕಾಣೆಯಾದ ಕ್ಲೇಮ್: ಆಶಾ ದುಡ್ಡಿನ ಬಾಕಿ ಹಿಡಿಯುವುದು ಹೇಗೆ

ಪ್ರಶ್ನೆ: ನಾನು ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಆಶಾ. ಖಾತೆಗೆ ಒಂದು ತಿಂಗಳು ಬಂದಷ್ಟು ಇನ್ನೊಂದು ತಿಂಗಳು ಬರುವುದಿಲ್ಲ. ಯಾವುದು ಯಾವ ತಿಂಗಳದ್ದು, ಯಾವ ಕೆಲಸದ್ದು ಅಂತ ಗೊತ್ತಾಗುವುದಿಲ್ಲ. ಬಾಕಿ ಎಷ್ಟಿದೆ ಅಂತ ಕೇಳಿದರೆ "ಪೋರ್ಟಲ್‌ನಲ್ಲಿ ಏನೂ ತೋರಿಸ್ತಿಲ್ಲ" ಅಂತಾರೆ. ನನ್ನ ನಾದಿನಿ ಅಂಗನವಾಡಿ ಕಾರ್ಯಕರ್ತೆ, ಅವಳದ್ದೂ ಇದೇ ಗೋಳು. ಲೆಕ್ಕ ಹೇಗೆ ಇಡಬೇಕು?

ಉತ್ತರ: ಮೊದಲು ಒಂದು ವ್ಯತ್ಯಾಸ ಹೇಳಿಬಿಡುತ್ತೇನೆ. ತಡವಾದ ದುಡ್ಡು ಬೇರೆ, ತಪ್ಪಿದ ದುಡ್ಡು ಬೇರೆ. ತಡವಾದದ್ದು ಇಂದಲ್ಲ ನಾಳೆ ಬರುತ್ತದೆ. ಅದು ಬಾಕಿ ಅಂತ ಕಚೇರಿಗೂ ಗೊತ್ತಿರುತ್ತದೆ. ತಪ್ಪಿದ್ದು ಹಾಗಲ್ಲ. ಅದು ಕ್ಲೇಮ್ ಆಗಿ ಒಳಗೆ ಹೋಗಿಯೇ ಇರುವುದಿಲ್ಲ, ಆದ್ದರಿಂದ ಯಾರ ಲೆಕ್ಕದಲ್ಲೂ ಬಾಕಿ ಇರುವುದಿಲ್ಲ. "ಪೋರ್ಟಲ್‌ನಲ್ಲಿ ತೋರಿಸ್ತಿಲ್ಲ" ಅಂದರೆ ಹೆಚ್ಚಿನ ಸಲ ಈ ಎರಡನೆಯದೇ ಆಗಿರುತ್ತದೆ. ನಾನು ಒಂದು ತಾಲ್ಲೂಕು ಆರೋಗ್ಯ ಕಚೇರಿಯ ಲೆಕ್ಕದ ಟೇಬಲ್‌ನಲ್ಲಿ ಕೂತಿದ್ದ ವರ್ಷಗಳಲ್ಲಿ ನೋಡಿದ್ದು ಇಷ್ಟು: ಆಶಾಗಳು ತಡವಾದ ದುಡ್ಡಿಗೆ ಜಗಳ ಮಾಡುತ್ತಿದ್ದರು. ತಪ್ಪಿದ್ದನ್ನು ಗಮನಿಸುತ್ತಲೇ ಇರಲಿಲ್ಲ. ಅವರ ತಪ್ಪಲ್ಲ ಅದು. ಹೊಂದಿಸಿ ನೋಡಲು ಅವರ ಕೈಯಲ್ಲಿ ಕಾಗದವೇ ಇರುತ್ತಿರಲಿಲ್ಲ.

ನಿಮಗೆ ಬರುವ ದುಡ್ಡು ಮೂರು ಕಡೆಯಿಂದ ಬರುತ್ತದೆ. ಒಂದು, ರಾಜ್ಯ ಸರ್ಕಾರದ ಗೌರವಧನ. 2022ರ ಬಜೆಟ್‌ನಲ್ಲಿ ಸಾವಿರ ಏರಿ ಅದು 5,000 ರೂಪಾಯಿ ಆಯಿತು. ಎರಡು, ಕೇಂದ್ರದಿಂದ ತಿಂಗಳು ತಿಂಗಳೂ ಮಾಡಲೇಬೇಕಾದ ಕೆಲಸಗಳಿಗೆ ಬರುವ ನಿಗದಿ ಪ್ರೋತ್ಸಾಹಧನ. ಇದು 2018ರ ಅಕ್ಟೋಬರ್‌ನಿಂದ 2,000 ಇತ್ತು. 3,500ಕ್ಕೆ ಏರಿಸಿರುವುದಾಗಿ ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ಸಂಸತ್ತಿಗೆ ತಿಳಿಸಿತು. ಮೂರು, ಒಂದೊಂದು ಕೆಲಸಕ್ಕೂ ಲೆಕ್ಕ ಹಾಕಿ ಕೊಡುವ ಪ್ರೋತ್ಸಾಹಧನ: ಹೆರಿಗೆ, ಮನೆ ಭೇಟಿ, ಲಸಿಕೆ, ಕ್ಷಯರೋಗಿಗೆ ಔಷಧ ಪೂರ್ತಿ ಮಾಡಿಸಿದ್ದು, ಹೀಗೆ.

2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಆಶಾಗಳ ಹೋರಾಟ ಆದಾಗ, ತಿಂಗಳಿಗೆ ಕನಿಷ್ಠ 10,000 ಸಿಗುವಂತೆ ಮಾಡುತ್ತೇವೆ ಅಂತ ಮುಖ್ಯಮಂತ್ರಿಗಳು ಭರವಸೆ ಕೊಟ್ಟರು. ನಿಮ್ಮ ನೋಟ್‌ಬುಕ್ಕಿನಲ್ಲಿ ಮಾತ್ರ ಭರವಸೆಯನ್ನು ಬಾಕಿ ಅಂತ ಬರೆಯಬೇಡಿ. ಆದೇಶದ ಸಂಖ್ಯೆ, ದಿನಾಂಕ, ಯಾವ ತಿಂಗಳಿಂದ ಜಾರಿ, ಈ ಮೂರೂ ಸಿಕ್ಕ ಮೇಲೆ ಬರೆಯಿರಿ. ಆದೇಶ ಕೈಯಲ್ಲಿದ್ದರೆ ನೀವು ಕೇಳುವುದು ಬಾಕಿ. ಇಲ್ಲದಿದ್ದರೆ ಅದು ಬೇಡಿಕೆ. ಬೇಡಿಕೆಗೆ ಸಂಘ ಇದೆ, ಬಾಕಿಗೆ ಗುಮಾಸ್ತರ ಟೇಬಲ್ ಇದೆ. ಎರಡನ್ನೂ ಒಂದೇ ಅರ್ಜಿಯಲ್ಲಿ ಕಲಸಿದರೆ ಎರಡೂ ಮೂಲೆಗೆ ಬೀಳುತ್ತವೆ.

ರಾಜ್ಯದ 5,000 ಹಿಡಿಯುವುದು ಸುಲಭ. ಇಡೀ ಮೊತ್ತ ಒಂದೇ ಸಲ ಬರುತ್ತದೆ. ಎಷ್ಟು ತಿಂಗಳು ಬಂತು, ಎಷ್ಟು ಬರಲಿಲ್ಲ ಅಂತ ಎಣಿಸಿದರೆ ಸಾಕು. ಎರಡನೆಯದರಲ್ಲಿ ಒಂದು ಚಮತ್ಕಾರ ಇದೆ. ಅಲ್ಲಿ ಮೊತ್ತವೇ ನಿಮಗೆ ಏನು ತಪ್ಪಿತು ಅಂತ ಹೇಳುತ್ತದೆ.

ಹಳೆಯ 2,000 ಹೇಗೆ ಕೂಡಿಕೊಂಡಿತ್ತು ನೋಡಿ. ಗ್ರಾಮ ಆರೋಗ್ಯ ಮತ್ತು ಪೌಷ್ಟಿಕ ದಿನಕ್ಕೆ 200. ಗ್ರಾಮ ಆರೋಗ್ಯ ನೈರ್ಮಲ್ಯ ಸಮಿತಿ ಸಭೆಗೆ 150. ಪ್ರಾಥಮಿಕ ಆರೋಗ್ಯ ಕೇಂದ್ರದ ತಿಂಗಳ ಸಭೆಗೆ 150. ಉಳಿದ 1,500 ಐದು ದಾಖಲೆಗಳಿಗೆ, ಒಂದಕ್ಕೆ 300ರಂತೆ: ಮನೆಗಳ ಪಟ್ಟಿ, ರಿಜಿಸ್ಟರ್ ನಿರ್ವಹಣೆ, ಲಸಿಕೆ ಬಾಕಿ ಇರುವ ಮಕ್ಕಳ ಪಟ್ಟಿ, ಗರ್ಭಿಣಿಯರ ಪಟ್ಟಿ, ಅರ್ಹ ದಂಪತಿಗಳ ಪಟ್ಟಿ. ಈಗ ಖಾತೆಗೆ 1,850 ಬಂದಿದೆ ಅಂದುಕೊಳ್ಳಿ. 150 ಕಡಿಮೆ ಅಂದರೆ ಒಂದು ಸಭೆ ಹಾರಿದೆ. 1,800 ಬಂದರೆ ಪೌಷ್ಟಿಕ ದಿನ ದಾಖಲಾಗಿಲ್ಲ. 1,700 ಬಂದರೆ ಒಂದು ಪಟ್ಟಿ ಹೋಗಿಲ್ಲ, ಇಲ್ಲವೇ ಎರಡೂ ಸಭೆ ತಪ್ಪಿದೆ. ಸಭೆಗೆ ಹೋಗಿದ್ದೀರೋ ಇಲ್ಲವೋ ನಿಮಗೇ ಗೊತ್ತಿರುತ್ತದೆ, ಅಲ್ವಾ? ದರ ಏರಿದ ಮೇಲೂ ಇದೇ ಉಪಾಯ ನಡೆಯುತ್ತದೆ. ಈಗಿನ ದರಪಟ್ಟಿಯನ್ನು ನಿಮ್ಮ ಆರೋಗ್ಯ ಕೇಂದ್ರದಲ್ಲಿ ಕೇಳಿ, ಫೋಟೋ ಹೊಡೆದುಕೊಂಡು, ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಅಂಟಿಸಿ. ಅದಿಲ್ಲದೆ ಮುಂದಿನದು ಯಾವುದೂ ಆಗುವುದಿಲ್ಲ.

ನಮ್ಮ ಕಡೆ ಮಳೆಗಾಲದಲ್ಲಿ ಈ 150 ಬಹಳ ಹಾರುತ್ತದೆ. ಹಿನ್ನೀರಿನ ಆಚೆ ಇರುವವರು ಲಾಂಚ್ ಇಳಿದು, ಬಸ್ಸು ಹಿಡಿದು ಬರುವಷ್ಟರಲ್ಲಿ ಸಭೆ ಮುಗಿದಿರುತ್ತದೆ. ತಡವಾಗಿ ಬಂದರೂ ಹಾಜರಿ ಪುಸ್ತಕಕ್ಕೆ ಸಹಿ ಹಾಕದೆ ವಾಪಸ್ ಹೋಗಬೇಡಿ. ದುಡ್ಡು ಪಾಸ್ ಆಗುವಾಗ ನೋಡುವುದು ಆ ಸಹಿಯನ್ನೇ.

ಇನ್ನು ಮೂರನೆಯದು. ನಿಮ್ಮ ದುಡ್ಡು ಹೆಚ್ಚು ಸೋರುವುದು ಇಲ್ಲಿ. ಮಲೆನಾಡಿನಲ್ಲಿ ಅದಕ್ಕೆ ದೊಡ್ಡ ಕಾರಣ, ನಗಬೇಡಿ, ತವರುಮನೆ.

ಗರ್ಭಿಣಿಯ ಹೆಸರು ತಾಯಿ ಮಕ್ಕಳ ದಾಖಲೆ ಇಡುವ ಆರ್‌ಸಿಎಚ್ ಪೋರ್ಟಲ್‌ನಲ್ಲಿ ದಾಖಲಾಗುವುದು ಮೊದಲ ಸಲ ತಾಯಿ ಕಾರ್ಡ್ ಮಾಡಿಸಿದ ಊರಿನಲ್ಲಿ, ಅಂದರೆ ಸಾಮಾನ್ಯವಾಗಿ ಗಂಡನ ಊರಿನಲ್ಲಿ. ಏಳನೇ ತಿಂಗಳೋ ಎಂಟನೇ ತಿಂಗಳೋ ಅವಳು ತವರಿಗೆ ಬರುತ್ತಾಳೆ. ಹೆರಿಗೆ ಅಲ್ಲಿ, ಬಾಣಂತನವೂ ಅಲ್ಲಿ. ತವರಿನ ಆಶಾ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾಳೆ, ಮಗು ನೋಡಲು ಮನೆಗೆ ಹೋಗುತ್ತಾಳೆ. ಆದರೆ ಆ ಹೆಸರು ಅವಳ ಪಟ್ಟಿಯಲ್ಲೇ ಇರುವುದಿಲ್ಲ. ಅತ್ತ ಗಂಡನ ಊರಿನ ಆಶಾ ಪಟ್ಟಿಯಲ್ಲಿ ಹೆಸರು ಇರುತ್ತದೆ, ಬಾಣಂತಿ ಇರುವುದಿಲ್ಲ. ಹೀಗೆ ಒಬ್ಬಳು ಕೆಲಸ ಮಾಡಿದರೂ ದುಡ್ಡಿಲ್ಲ. ಇನ್ನೊಬ್ಬಳು "ಭೇಟಿ ಯಾಕೆ ಆಗಿಲ್ಲ" ಅಂತ ಬೈಸಿಕೊಳ್ಳುತ್ತಾಳೆ.

ಒಂದು ಪ್ರಸಂಗ ಪೂರ್ತಿ ಹೇಳುತ್ತೇನೆ. 2023ರದ್ದು. ಸಾಗರ ಕಡೆಯ ಹಳ್ಳಿಯೊಂದಕ್ಕೆ ಮದುವೆಯಾಗಿ ಹೋಗಿದ್ದ ಹುಡುಗಿ ಜೂನ್‌ನಲ್ಲಿ ಹೊಸನಗರ ಕಡೆಯ ತವರಿಗೆ ಬಂದಳು. ಬಿಪಿಎಲ್ ಕುಟುಂಬ. ಜುಲೈ 4ಕ್ಕೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಸಿಸೇರಿಯನ್ ಆಯಿತು. ತವರಿನ ಆಶಾ ಜೊತೆಗೆ ಹೋಗಿದ್ದಳು. ಜುಲೈ 9ಕ್ಕೆ ಡಿಸ್ಚಾರ್ಜ್. ಆಮೇಲೆ ಆಶಾ ಮನೆಗೆ ಹೋದ ದಿನಗಳು: ಜುಲೈ 10, 17, 24, 31, ಆಗಸ್ಟ್ 14. ಹುಟ್ಟಿದ ದಿನವನ್ನೂ ಸೇರಿಸಿ ಎಣಿಸಿದರೆ ಇವು 7, 14, 21, 28 ಮತ್ತು 42ನೇ ದಿನ.

ಅವಳು ಎರಡು ಕ್ಲೇಮ್ ಬರೆದಳು. ಜನನಿ ಸುರಕ್ಷಾ ಯೋಜನೆಯಲ್ಲಿ 600. ನವಜಾತ ಶಿಶುವಿನ ಮನೆ ಭೇಟಿಗೆ 250. ಎರಡೂ ವಾಪಸ್ ಬಂದವು. ಅವಳು ಸುಮ್ನೆ ಬಿಟ್ಟಿದ್ದಳು. ನಾಲ್ಕು ತಿಂಗಳ ನಂತರ ಬೇರೆ ಯಾವುದೋ ಕೆಲಸಕ್ಕೆ ಬಂದಾಗ ನನ್ನ ಹತ್ತಿರ ಹೇಳಿದಳು.

600 ಯಾಕೆ ವಾಪಸ್ ಬಂತು? ಗ್ರಾಮೀಣ ಭಾಗದಲ್ಲಿ ಆ 600 ಎರಡು ತುಂಡು. ಗರ್ಭಿಣಿಯಾಗಿದ್ದಾಗ ತಪಾಸಣೆಗಳನ್ನು ಮಾಡಿಸಿದ್ದಕ್ಕೆ 300, ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸಿದ್ದಕ್ಕೆ 300. ಈ ಹುಡುಗಿಯ ತಪಾಸಣೆ ಮಾಡಿಸಿದ್ದು ಗಂಡನ ಊರಿನ ಆಶಾ. ಆ 300 ಅವಳದ್ದು. ತವರಿನ ಆಶಾಗೆ ಸೇರಬೇಕಾದದ್ದು ಎರಡನೇ 300 ಮಾತ್ರ. ಪೂರ್ತಿ 600 ಕೇಳಿದ್ದರಿಂದ ಇಡೀ ಕ್ಲೇಮ್ ತಿರಸ್ಕಾರವಾಯಿತು. ತಿರಸ್ಕರಿಸುವ ಬದಲು 300 ಪಾಸ್ ಮಾಡಬಹುದಿತ್ತಲ್ಲ ಅಂತ ನಿಮಗೆ ಅನ್ನಿಸಬಹುದು. ನನಗೂ ಅನ್ನಿಸಿತ್ತು. ಆದರೆ ಕ್ಲೇಮ್ ತಿದ್ದುವ ಕೆಲಸ ನೋಡುವವರದ್ದಲ್ಲ. ಸರಿ ಅಥವಾ ತಪ್ಪು ಅನ್ನುವುದಷ್ಟೇ ಅವರ ಕೆಲಸ.

250ರ ಕಥೆ ಇನ್ನೂ ಕುತೂಹಲದ್ದು. "ಆರು ಭೇಟಿ ಬೇಕು, ಐದೇ ಇವೆ" ಅಂತ ಷರಾ ಬರೆದಿದ್ದರು. ಸಾಮಾನ್ಯವಾಗಿ ಅದು ನಿಜ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28, 42ನೇ ದಿನ, ಒಟ್ಟು ಆರು. ಮನೆಯಲ್ಲೇ ಆದರೆ ಮೊದಲ ದಿನವೂ ಸೇರಿ ಏಳು. ಆದರೆ ಸಿಸೇರಿಯನ್ ಆದವಳು ಮೂರನೇ ದಿನ ಇನ್ನೂ ಆಸ್ಪತ್ರೆಯಲ್ಲೇ ಇರುತ್ತಾಳೆ. ಮನೆಗೆ ಭೇಟಿ ಕೊಡುವುದಾದರೂ ಹೇಗೆ? ಅದಕ್ಕೇ ರಾಷ್ಟ್ರೀಯ ಆರೋಗ್ಯ ಅಭಿಯಾನದ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿದೆ: ಸಿಸೇರಿಯನ್ ಆಗಿ ಐದಾರು ದಿನದ ಮೇಲೆ ಮನೆಗೆ ಬಂದರೆ, 7ನೇ ದಿನದಿಂದ 42ನೇ ದಿನದವರೆಗಿನ ಐದು ಭೇಟಿ ಮುಗಿಸಿದ ಆಶಾಗೆ ಪೂರ್ತಿ 250 ಕೊಡಬೇಕು. ವಿಶೇಷ ನವಜಾತ ಶಿಶು ಘಟಕದಲ್ಲಿದ್ದು ಬಂದ ಮಗುವಿಗೂ ಹಾಗೆಯೇ, ಉಳಿದ ಭೇಟಿ ಮುಗಿಸಿದರೆ ಪೂರ್ತಿ ಹಣ. ಅವಳಿ ಮಕ್ಕಳಾದರೆ ಎರಡು ಪಟ್ಟು, ಅಂದರೆ 500. ಇವು ಬಹಳ ಜನರಿಗೆ ಗೊತ್ತಿಲ್ಲ. ಷರಾ ಬರೆದವರಿಗೂ ಗೊತ್ತಿರಲಿಲ್ಲ.

ಅವಳ ಫಾರ್ಮಿನಲ್ಲಿ "ಸಿಸೇರಿಯನ್" ಅನ್ನುವ ಪದವೇ ಇರಲಿಲ್ಲ. ಡಿಸ್ಚಾರ್ಜ್ ದಿನಾಂಕವೂ ಇರಲಿಲ್ಲ. ನೋಡಿದವರಿಗೆ ಮೂರನೇ ದಿನದ ಭೇಟಿ ತಪ್ಪಿದ ಹಾಗೆ ಕಂಡಿತು. ಡಿಸ್ಚಾರ್ಜ್ ಚೀಟಿಯ ಜೆರಾಕ್ಸ್ ಸೇರಿಸಿ, 300 ಮತ್ತು 250ಕ್ಕೆ ಬೇರೆ ಬೇರೆ ಕ್ಲೇಮ್ ಮಾಡಿ ಮತ್ತೆ ಕೊಡಿಸಿದೆ. ಅದಕ್ಕೂ ಮೊದಲು ಇನ್ನೊಂದು ಕೆಲಸ ಇತ್ತು. ಅವಳ ಉಪಕೇಂದ್ರದ ಸಿಸ್ಟರ್ ಆ ಹುಡುಗಿಯ ಆರ್‌ಸಿಎಚ್ ಸಂಖ್ಯೆ ಹಾಕಿ, "ಬೇರೆ ಊರಿನಿಂದ ಬಂದವರು" ಅಂತ ತಮ್ಮ ಹಳ್ಳಿಗೆ ಸೇರಿಸಿಕೊಳ್ಳಬೇಕಿತ್ತು. ಅದಾದ ಮೇಲೆ 550 ಬಂತು. ಮೂರು ತಿಂಗಳಿಗೆ ಮಗು ಇನ್ನೂ ತವರಿನಲ್ಲೇ ಇತ್ತು, ಮೂರನೇ ತಿಂಗಳ ಮನೆ ಭೇಟಿಗೆ ಬೇರೆ 50. ಒಟ್ಟು 600. ಜನನಿ ಸುರಕ್ಷಾ ಯೋಜನೆಯಲ್ಲಿ ಅವಳು ತಪ್ಪು ದಾರಿಯಲ್ಲಿ ಕೇಳಿದ್ದ ಮೊತ್ತದಷ್ಟೇ, ಸರಿಯಾದ ದಾರಿಯಲ್ಲಿ ಸಿಕ್ಕಿತು.

ಆರನೇ ತಿಂಗಳ ಭೇಟಿ ಬರುವ ಹೊತ್ತಿಗೆ ತಾಯಿ ಮಗು ಗಂಡನ ಮನೆಗೆ ಹೋಗಿದ್ದರು. ಈ ಭೇಟಿಗಳು 3, 6, 9, 12, 15 ತಿಂಗಳಿಗೆ, ಒಂದಕ್ಕೆ 50ರಂತೆ ಐದು. ಉಳಿದ ನಾಲ್ಕು ಆ ಊರಿನ ಆಶಾಗೆ. ಇದೇ ರೀತಿ 42 ದಿನದ ಒಳಗೇ ಬಾಣಂತಿ ಊರು ಬದಲಿಸಿದರೆ, ಆ 250 ಇಬ್ಬರು ಆಶಾಗಳಿಗೆ ಅವರವರ ಭೇಟಿಯ ಸಂಖ್ಯೆಗೆ ತಕ್ಕ ಹಾಗೆ ಹಂಚಿಕೆಯಾಗಬೇಕು. ಆದ್ದರಿಂದ ಆಚೆ ಊರಿನ ಆಶಾಳ ಫೋನ್ ನಂಬರ್ ಇಟ್ಟುಕೊಳ್ಳಿ. ಇಬ್ಬರೂ ಪೂರ್ತಿ ಮೊತ್ತ ಕೇಳಿದರೆ ಇಬ್ಬರದ್ದೂ ನಿಲ್ಲುತ್ತದೆ. ಒಂದು ಫೋನಿನಲ್ಲಿ ಮುಗಿಯುವ ವಿಷಯ.

ಈ 250ಕ್ಕೆ ಭೇಟಿ ಮಾತ್ರ ಸಾಲದು ಅನ್ನುವುದೂ ನೆನಪಿರಲಿ. ಹುಟ್ಟಿದಾಗಿನ ತೂಕ ತಾಯಿ ಕಾರ್ಡಿನಲ್ಲಿ ಬರೆದಿರಬೇಕು, ಜನನ ನೋಂದಣಿ ಆಗಿರಬೇಕು, ಬಿಸಿಜಿ, ಪೋಲಿಯೊ ಹನಿ ಮತ್ತು ಪೆಂಟಾದ ಮೊದಲ ಡೋಸ್ ಆಗಿರಬೇಕು, 42ನೇ ದಿನಕ್ಕೆ ತಾಯಿ ಮಗು ಕ್ಷೇಮವಾಗಿರಬೇಕು. ನಾನು ನೋಡಿದಂತೆ ಹೆಚ್ಚು ತಪ್ಪುವುದು ತೂಕ. ಆಸ್ಪತ್ರೆಯ ಚೀಟಿಯಲ್ಲಿ ಇರುತ್ತದೆ, ತಾಯಿ ಕಾರ್ಡಿಗೆ ಏರಿರುವುದಿಲ್ಲ. ಮೊದಲ ಭೇಟಿಯಲ್ಲೇ ನೋಡಿಬಿಡಿ.

ಈಗ ನೋಟ್‌ಬುಕ್. ದೊಡ್ಡ ರಿಜಿಸ್ಟರ್ ಬೇಡ, ನಿಮಗೆ ಈಗಾಗಲೇ ಬೇಕಾದಷ್ಟು ಇವೆ. ಇನ್ನೂರು ಪುಟದ ಒಂದು ಲಾಂಗ್ ನೋಟ್‌ಬುಕ್ ಸಾಕು. ನನ್ನ ಒತ್ತಾಯ ಒಂದೇ: ತಿಂಗಳ ಲೆಕ್ಕದಲ್ಲಿ ಬರೆಯಬೇಡಿ, ಜನರ ಲೆಕ್ಕದಲ್ಲಿ ಬರೆಯಿರಿ. ಒಬ್ಬ ಬಾಣಂತಿಗೆ ಒಂದು ಪುಟ. ಮೇಲೆ ಹೆಸರು, ಆರ್‌ಸಿಎಚ್ ಸಂಖ್ಯೆ, "ಊರಿನವಳು", "ತವರಿಗೆ ಬಂದವಳು", "ತವರಿಗೆ ಹೋದವಳು" ಇವುಗಳಲ್ಲಿ ಒಂದು. ಕೆಳಗೆ ಪ್ರತಿ ಕೆಲಸಕ್ಕೂ ಒಂದು ಸಾಲು: ಮಾಡಿದ ದಿನ, ಕ್ಲೇಮ್ ಕೊಟ್ಟ ದಿನ, ಬರಬೇಕಾದ ಮೊತ್ತ, ಬಂದ ದಿನ. ತಿಂಗಳ ಲೆಕ್ಕ ಯಾಕೆ ಕೈಕೊಡುತ್ತದೆ ಅಂದರೆ, ಜುಲೈಯಲ್ಲಿ ಹುಟ್ಟಿದ ಮಗುವಿನ ದುಡ್ಡು ಕ್ಲೇಮ್ ಆಗುವುದು ಆಗಸ್ಟ್ ಕೊನೆಗೆ, ಬರುವುದು ಅಕ್ಟೋಬರ್‌ಗೆ. ಪಾಸ್‌ಬುಕ್ಕಿನ ಅಕ್ಟೋಬರ್ ಸಾಲು ನೋಡಿ ಯಾವ ಮಗುವಿನದ್ದು ಅಂತ ಹೇಳಲು ಯಾರಿಂದಲೂ ಆಗುವುದಿಲ್ಲ. ಪುಟ ತಿರುಗಿಸಿದರೆ "ಬಂದ ದಿನ" ಖಾಲಿ ಇರುವ ಸಾಲುಗಳೇ ನಿಮ್ಮ ಬಾಕಿ. ಕೂಡಿದರೆ ಮೊತ್ತ.

ಕ್ಲೇಮ್ ಫಾರ್ಮಿಗೆ ಸಿಸ್ಟರ್ ಸಹಿ ಹಾಕಿದ ಮೇಲೆ, ಅದನ್ನು ಕೊಡುವ ಮೊದಲು ಫೋಟೋ ತೆಗೆದುಕೊಳ್ಳಿ. ನಿಮ್ಮ ದುಡ್ಡಿನ ಲೆಕ್ಕ ಇರುವ ಆಶಾ ನಿಧಿ ತಂತ್ರಾಂಶದಲ್ಲಿ ನಿಮ್ಮ ಕ್ಲೇಮ್ ಹತ್ತಿದೆಯೋ ಇಲ್ಲವೋ ಅನ್ನುವುದನ್ನು ತಿಂಗಳ ಸಭೆಯ ದಿನ ಅಲ್ಲೇ ಪರದೆಯ ಮೇಲೆ ತೋರಿಸಲು ಕೇಳಿ. ಆರ್‌ಸಿಎಚ್‌ನಲ್ಲಿ ದಾಖಲಾಗದೆ ಇದ್ದರೆ ಪ್ರೋತ್ಸಾಹಧನ ಸಿಗುವುದಿಲ್ಲ ಅನ್ನುವುದು ಆಶಾಗಳು ಬೀದಿಗಿಳಿದು ಹೇಳಿದ ದೂರು. ಆಶಾ ನಿಧಿ ಮತ್ತು ಆರ್‌ಸಿಎಚ್ ಎರಡರ ಕೊಂಡಿ ಬಿಡಿಸಿ ಅಂತಲೂ ಅವರು ಕೇಳಿದ್ದಾರೆ. ಆ ಕೊಂಡಿ ಇರುವವರೆಗೆ ನೀವು ನೋಡಬೇಕಾದ್ದು ದುಡ್ಡಿನ ಪರದೆಯನ್ನಲ್ಲ, ಅದಕ್ಕೂ ಮೊದಲಿನ ಹೆಸರಿನ ಪರದೆಯನ್ನು.

ನಮ್ಮ ಜಿಲ್ಲೆಯವರಿಗೆ ಇನ್ನೊಂದು ಮಾತು. ಮಂಗನ ಕಾಯಿಲೆ ಕಾಲದಲ್ಲಿ ನೀವು ಉಣ್ಣೆ ಕಚ್ಚದಂತೆ ಹಚ್ಚುವ ಡೆಪಾ ಎಣ್ಣೆ ಹಂಚುತ್ತೀರಿ, ಜ್ವರದವರ ಮನೆ ಹುಡುಕುತ್ತೀರಿ, ಸತ್ತ ಮಂಗನ ಸುದ್ದಿ ಮುಟ್ಟಿಸುತ್ತೀರಿ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಕಂಡ ಕಾಯಿಲೆ ಇದು, ರಾಜ್ಯದ ಎಲ್ಲ ಕಡೆ ಇರುವಂಥದ್ದಲ್ಲ. ಇಂಥ ಕೆಲಸ, ಸಮೀಕ್ಷೆ, ಅಭಿಯಾನಗಳನ್ನು ಮಾಮೂಲಿ ದರಪಟ್ಟಿಯಲ್ಲಿ ಹುಡುಕಬೇಡಿ. ಕೆಲಸ ಹೇಳಿದ ದಿನವೇ "ಇದಕ್ಕೆ ದುಡ್ಡು ಇದೆಯಾ, ಯಾವ ಸುತ್ತೋಲೆ" ಅಂತ ಕೇಳಿ ಬರೆದುಕೊಳ್ಳಿ. ಮುಗಿದ ಮೇಲೆ ಕೇಳಿದರೆ ಎಲ್ಲರೂ ಆಕಾಶ ನೋಡುತ್ತಾರೆ.

ಕ್ಲೇಮ್ ಪಾಸ್ ಆಗಿದೆ, ದುಡ್ಡು ಮಾತ್ರ ಬಂದಿಲ್ಲ ಅಂದರೆ ಬ್ಯಾಂಕ್ ನೋಡಿ. ಮಲೆನಾಡಿನ ಬಹಳ ಹಳೆಯ ಖಾತೆಗಳು ಸಿಂಡಿಕೇಟ್, ವಿಜಯ, ಕಾರ್ಪೊರೇಶನ್ ಬ್ಯಾಂಕ್‌ಗಳಲ್ಲಿ ತೆರೆದವು. ಅವೆಲ್ಲ ಬೇರೆ ಬ್ಯಾಂಕ್‌ಗಳಲ್ಲಿ ಸೇರಿಹೋದವು. ಗ್ರಾಮೀಣ ಬ್ಯಾಂಕ್‌ಗಳೂ 2025ರ ಮೇನಲ್ಲಿ ಒಂದಾದವು. ಕಚೇರಿಯಲ್ಲಿ ಹಳೆಯ ಐಎಫ್‌ಎಸ್‌ಸಿ ಉಳಿದಿದ್ದರೆ ಹಣ ಹೋಗಿ ವಾಪಸ್ ಬರಬಹುದು. ಹೊಸ ಪಾಸ್‌ಬುಕ್ಕಿನ ಮೊದಲ ಪುಟದ ಜೆರಾಕ್ಸ್ ಕೊಡಿ, ಕೊಟ್ಟಿದ್ದಕ್ಕೆ ಸಹಿ ಪಡೆಯಿರಿ.

ಬಾಯಿಮಾತಿಗೆ ಆಗದಿದ್ದರೆ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ಒಂದು ಪುಟದ ಅರ್ಜಿ. ಖಾಲಿ ಸಾಲುಗಳ ಪಟ್ಟಿ ಮಾತ್ರ, ಗೋಳು ಬೇಡ. ನಕಲಿಗೆ ಸ್ವೀಕೃತಿ ಸಹಿ ಬೇಕೇ ಬೇಕು. ಅಲ್ಲಿ ಆಗದಿದ್ದರೆ ತಾಲ್ಲೂಕು ಆರೋಗ್ಯಾಧಿಕಾರಿ. ರಾಜ್ಯದ ಜನಸ್ಪಂದನ ಸಹಾಯವಾಣಿ 1902ಕ್ಕೂ ದೂರು ಕೊಡಬಹುದು. ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಬೇಗ ಟೇಬಲ್ ಅಲ್ಲಾಡಿಸುವುದು ಮಾಹಿತಿ ಹಕ್ಕಿನ ಅರ್ಜಿ. ಶುಲ್ಕ 10 ರೂಪಾಯಿ, ಬಿಪಿಎಲ್ ಆಗಿದ್ದರೆ ಅದೂ ಇಲ್ಲ. ಉತ್ತರಕ್ಕೆ 30 ದಿನ. "ಯಾಕೆ ಕೊಟ್ಟಿಲ್ಲ" ಅಂತ ಕೇಳಬೇಡಿ. "ಇಂಥ ತಿಂಗಳಿಂದ ಇಂಥ ತಿಂಗಳವರೆಗೆ ನನ್ನ ಹೆಸರಿನಲ್ಲಿ ಸಲ್ಲಿಕೆಯಾದ ಕ್ಲೇಮ್‌ಗಳು, ಅನುಮೋದನೆಯ ದಿನಾಂಕ, ಪಾವತಿಯ ದಿನಾಂಕ, ತಿರಸ್ಕಾರವಾಗಿದ್ದರೆ ಅದರ ಷರಾದ ಪ್ರತಿ ಕೊಡಿ" ಅಂತ ಕೇಳಿ. ದಾಖಲೆ ಕೇಳಿದರೆ ದಾಖಲೆ ಕೊಡಬೇಕು. ಕಾರಣ ಕೇಳಿದರೆ ಜಾರಿಕೊಳ್ಳಬಹುದು.

ನಿಮ್ಮ ನಾದಿನಿಯ ಲೆಕ್ಕ ಬೇರೆ ಥರ. ಅಂಗನವಾಡಿಯಲ್ಲಿ ಮನೆ ಭೇಟಿಗೊಂದು ದರ ಇಲ್ಲ, ತಿಂಗಳಿಗೊಂದು ಗೌರವಧನ. ಅದರೊಳಗೆ ಕೇಂದ್ರ ನಿಗದಿ ಮಾಡಿದ ಭಾಗ 2018ರ ಅಕ್ಟೋಬರ್‌ನಿಂದ ಕಾರ್ಯಕರ್ತೆಗೆ 4,500, ಸಹಾಯಕಿಗೆ 2,250. ಮೇಲಿನದ್ದು ರಾಜ್ಯ ಸೇರಿಸುವುದು. 2025ರ ರಾಜ್ಯ ಬಜೆಟ್‌ನಲ್ಲಿ ಕಾರ್ಯಕರ್ತೆಗೆ 1,000, ಸಹಾಯಕಿಗೆ 750 ಏರಿಕೆ ಘೋಷಿಸಿದರು. ಅವಳು ನೋಡಬೇಕಾದ್ದು, ಏರಿಕೆ ಯಾವ ತಿಂಗಳಿಂದ ಜಾರಿ, ಪಾಸ್‌ಬುಕ್ಕಿನಲ್ಲಿ ಯಾವ ತಿಂಗಳಿಂದ ಕಾಣುತ್ತದೆ. ನಡುವಿನ ತಿಂಗಳುಗಳೇ ಬಾಕಿ. ಮೊಬೈಲ್‌ನ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ದಾಖಲಿಸುವುದಕ್ಕೆ ಕೊಡುವ 500 ಇದರ ಹೊರಗಿನದು, ಬೇರೆ ಸಾಲಿನಲ್ಲಿ ಬರೆಯಲಿ. ನೇಮಕಾತಿ ಆದೇಶವನ್ನು ಮಾತ್ರ ಜೋಪಾನ ಮಾಡಲಿ. ಅಂಗನವಾಡಿಯವರಿಗೆ ಗ್ರಾಚ್ಯುಟಿ ಸಲ್ಲುತ್ತದೆ ಅಂತ ಸುಪ್ರೀಂ ಕೋರ್ಟ್ 2022ರ ಏಪ್ರಿಲ್‌ನಲ್ಲಿ ಹೇಳಿದೆ, ಸೇವೆಯ ವರ್ಷ ಎಣಿಸುವುದು ಆ ನೇಮಕಾತಿ ಆದೇಶದಿಂದಲೇ.

ಅವಳ ನಿಜವಾದ ಬಾಕಿ ಬೇರೆ ಕಡೆ ಇರಬಹುದು. ಮೊಟ್ಟೆ, ತರಕಾರಿ, ಗ್ಯಾಸು, ಬಾಡಿಗೆ ಕಟ್ಟಡವಾದರೆ ಬಾಡಿಗೆ. ಅಂಗನವಾಡಿಯ ಖರ್ಚು ನೋಡುವ ಬಾಲವಿಕಾಸ ಸಮಿತಿಯ ಖಾತೆಗೆ ದುಡ್ಡು ಬರುವುದು ತಡವಾದಾಗ ಕಾರ್ಯಕರ್ತೆಯರು ಕೈಯಿಂದ ಹಾಕುತ್ತಾರೆ. ಅಂಗಡಿಯವನಿಗೆ ಗೌರವಧನದಿಂದಲೇ ಕೊಟ್ಟು, ಆಮೇಲೆ ಗೌರವಧನ ಸಾಲುತ್ತಿಲ್ಲ ಅಂತ ಅನ್ನಿಸುತ್ತದೆ. ಅವಳಿಗೆ ಹೇಳಿ, ಮೊಟ್ಟೆ ಅಂಗಡಿಯಲ್ಲಿ ಬಿಲ್ಲನ್ನು ತನ್ನ ಹೆಸರಿಗಲ್ಲ, ಅಂಗನವಾಡಿ ಕೇಂದ್ರದ ಹೆಸರಿಗೆ ಬರೆಸಲಿ. ಹಿಂದೆ "ಸ್ವಂತ ಹಣದಿಂದ ಪಾವತಿಸಿದೆ" ಅಂತ ದಿನಾಂಕ ಹಾಕಿ, ಸಮಿತಿಯ ಒಬ್ಬ ಸದಸ್ಯರ ಸಹಿ ಹಾಕಿಸಿಕೊಳ್ಳಲಿ. ಆ ಬಿಲ್ಲುಗಳನ್ನು ಒಂದು ದಾರಕ್ಕೆ ಪೋಣಿಸಿ ಇಟ್ಟರೆ ಸಾಕು. ಸಮಿತಿ ಖಾತೆಗೆ ದುಡ್ಡು ಬಂದ ದಿನ ಮೊದಲು ಬಿಚ್ಚಬೇಕಾದ್ದು ಆ ದಾರ.